ಇಂದಿನ ಅಂತ್ಯಕ್ರಿಯೆ: ಬರುವ ಮುಂಚೆ ಓದಿ

ಸಭೆಯ ಎಲ್ಲರಿಗೂ,

ಜೆಪ್ಪುವಿನ ನಮ್ಮ ತಂಗಿ ನಿನ್ನೆ ರಾತ್ರಿ ಹಠಾತ್ತಾಗಿ ತೀರಿಕೊಂಡಳು. ಸಂಜೆ ಮಗಳಿಗೆ ಗಂಜಿ ಉಣಿಸಿದ್ದಳು. ಹೇಗಾಯ್ತು ಅಂತ ಮನೆಯವರನ್ನು ಕೇಳಬೇಡಿ, ಅವರಿಗೂ ಗೊತ್ತಿಲ್ಲ.

3 ಗಂಟೆಗೆ ಮನೆಯಲ್ಲಿ ಪ್ರಾರ್ಥನೆ, 4ಕ್ಕೆ ಚರ್ಚಿನಲ್ಲಿ ಆರಾಧನೆ, ಆಮೇಲೆ ಸಮಾಧಿ.

"ದೇವರಿಗೆ ಬೇಕಿತ್ತು, ಕರೆಸಿಕೊಂಡ" ಅಂತ ದಯವಿಟ್ಟು ಹೇಳಬೇಡಿ. ನೀನು ಇಲ್ಲಿದ್ದಿದ್ದರೆ ತಮ್ಮ ಸಾಯುತ್ತಿರಲಿಲ್ಲ ಅಂತ ಮಾರ್ಥಾ ಯೇಸುಸ್ವಾಮಿಯನ್ನೇ ದೂರಿದಳು. ಅವರು ಗದರಿಸಲಿಲ್ಲ. ಲಾಜರನನ್ನು ಎಬ್ಬಿಸುತ್ತೇನೆ ಅಂತ ಗೊತ್ತಿದ್ದೂ ಅತ್ತರು. ಅಂದಮೇಲೆ ನಮ್ಮ ತಂಗಿಯ ಗಂಡ ಅಳಲಿ, ಸಿಟ್ಟಾಗಲಿ, ನಂಬಿಕೆ ಹೋಯ್ತು ಅಂತಲ್ಲ. ಅವಳು ಎದ್ದು ಬರುವ ದಿನ ಇದೆ ಅಂತ ನಾವು ನಂಬುತ್ತೇವೆ, ಅಲ್ವಾ? ಇವತ್ತು ಅದನ್ನು ಮೆಲ್ಲಗೆ ಹೇಳಿದರೆ ಸಾಕು. ಸುಮ್ನೆ ಪಕ್ಕದಲ್ಲಿ ಕೂತರೂ ಆಯ್ತು.

ನಾಲ್ಕು ವರ್ಷದ ಮಗಳಿಗೆ "ಅಮ್ಮ ಮಲಗಿದ್ದಾಳೆ" ಅನ್ನಬೇಡಿ. ಆಮೇಲೆ ಮಕ್ಕಳು ಮಲಗುವುದಕ್ಕೇ ಹೆದರುವುದುಂಟು. ಅಮ್ಮ ಸತ್ತುಹೋಗಿದ್ದಾಳೆ, ಮನೆಗೆ ಬರುವುದಿಲ್ಲ, ಇದು ನಿನ್ನ ತಪ್ಪಲ್ಲ ಅಂತ ಅಜ್ಜಿ ಹೇಳಿದ್ದಾರೆ. ಮಗು ಮತ್ತೆ ಮತ್ತೆ ಕೇಳುತ್ತದೆ. ಅದೇ ಉತ್ತರ ಕೊಡಿ.

ಈ ವಾರದ ರಾತ್ರಿಯೂಟ ಮಹಿಳಾ ಸಂಘದ್ದು. ಡಬ್ಬದ ಮೇಲೆ ಹೆಸರು ಬರೆಯಿರಿ. ಮಗುವಿನ ಗಂಜಿಗೆ ಉಪ್ಪು ಕಡಿಮೆ ಇರಲಿ, ಅವಳಮ್ಮ ಹಾಗೇ ಮಾಡುತ್ತಿದ್ದಳು.