ಅಲ್ಲೂ ಸಲ್ಲದ, ಇಲ್ಲೂ ಸಲ್ಲದ ಹಿಂಜ್

ಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ

ವಿಷಯ: ಎಕ್ಸ್‌ಟೆಂಡೆಡ್ ವಾರಂಟಿ, ಆಕ್ಸಿಡೆಂಟಲ್ ಡ್ಯಾಮೇಜ್ ಕವರ್ ಎರಡೂ ಇದ್ದರೂ ಲ್ಯಾಪ್‌ಟಾಪ್ ರಿಪೇರಿ ನಿರಾಕರಿಸಿದ ಬಗ್ಗೆ

ಮಾನ್ಯರೇ,

ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿದೆ. ನಿಮ್ಮ ಕಡೆಯವರು ಪ್ರತಿ ಸಲ ನಯವಾಗಿಯೇ ಮಾತಾಡಿದ್ದಾರೆ. ನಾನೂ ನಯವಾಗಿಯೇ ಕೇಳಿದ್ದೇನೆ. ಕೆಲಸ ಮಾತ್ರ ಆಗಿಲ್ಲ. ನಿನ್ನೆ "ಕೇಸ್ ಕ್ಲೋಸ್ ಆಗಿದೆ, ಲ್ಯಾಪ್‌ಟಾಪ್ ವಾಪಸ್ ತೆಗೆದುಕೊಂಡು ಹೋಗಿ" ಎಂದು ಮೆಸೇಜ್ ಬಂತು. ಅದಕ್ಕೇ ಈ ಪತ್ರ.

ಲ್ಯಾಪ್‌ಟಾಪ್ ಕೊಳ್ಳುವಾಗಲೇ ನಿಮ್ಮಿಂದ ಎರಡು ಪ್ಲಾನ್ ತೆಗೆದುಕೊಂಡಿದ್ದೆ. ಒಂದು, ಮೊದಲ ವರ್ಷದ ಮಾಮೂಲಿ ವಾರಂಟಿಯನ್ನು 3 ವರ್ಷದವರೆಗೆ ಮುಂದುವರಿಸುವುದು. ಇನ್ನೊಂದು, ಮೊದಲ ದಿನದಿಂದಲೇ 3 ವರ್ಷ ಇರುವ ಆಕ್ಸಿಡೆಂಟಲ್ ಡ್ಯಾಮೇಜ್ ಕವರ್. ಮೊದಲನೆಯದು ತಾನಾಗಿ ಕೆಟ್ಟದ್ದಕ್ಕೆ. ಎರಡನೆಯದು ಬಿದ್ದದ್ದಕ್ಕೆ, ನೀರು ಚೆಲ್ಲಿದ್ದಕ್ಕೆ. ಎರಡೂ ಇದ್ದರೆ ನಡುವೆ ಸಂದೇ ಉಳಿಯಲ್ಲ ಎಂದರು ಮಾರಿದವರು. ಸಂದು ಇದೆ. ನನ್ನ ಲ್ಯಾಪ್‌ಟಾಪಿನ ಮುಚ್ಚಳವನ್ನು ತಳಕ್ಕೆ ಜೋಡಿಸುವ ಬಲಗಡೆಯ ಹಿಂಜ್ ಅದರೊಳಗೇ ಹೋಗಿ ಕೂತಿದೆ.

ಆದದ್ದು ಇಷ್ಟು. ಎರಡನೇ ವರ್ಷದಲ್ಲಿ ಮುಚ್ಚಳ ತೆರೆಯುವಾಗ ಬಲಗಡೆ ಬಿಗಿಯಾಗತೊಡಗಿತು. ಎಡಗಡೆ ಮೊದಲಿನಂತೆಯೇ ಇತ್ತು. ಆಮೇಲೆ ಚಟ್ ಚಟ್ ಸದ್ದು. ಆಮೇಲೆ ಬಲಮೂಲೆಯಲ್ಲಿ ತಳದ ಕವರ್ ಬಾಯಿ ಬಿಟ್ಟಿತು. ಕೊನೆಗೆ ಪರದೆಯ ಮೇಲೆ ಗೆರೆಗಳು ಬಂದವು. ಮುಚ್ಚಳವನ್ನು ಸ್ವಲ್ಪ ಹಿಂದಕ್ಕೆ ಬಾಗಿಸಿದರೆ ಗೆರೆ ಹೋಗುತ್ತವೆ, ಮುಂದಕ್ಕೆ ತಂದರೆ ಮತ್ತೆ ಬರುತ್ತವೆ. ಪರದೆಯೇ ಕೆಟ್ಟಿದ್ದರೆ ಗೆರೆ ಹೀಗೆ ಮುಚ್ಚಳದ ಮಾತು ಕೇಳುತ್ತಿರಲಿಲ್ಲ. ಹಿಂಜ್ ಪಕ್ಕದಲ್ಲೇ ಪರದೆಗೆ ಹೋಗುವ ಕೇಬಲ್ ಇದೆ. ಜಾಗ ಬಿಟ್ಟು ಸರಿದ ಹಿಂಜ್ ಅದನ್ನು ಒತ್ತುತ್ತಿದೆ.

ತಳ ಬಿಚ್ಚಿದ ನಿಮ್ಮ ಟೆಕ್ನೀಷಿಯನ್ ಒಳ್ಳೆಯ ಮನುಷ್ಯ. ನನಗೂ ತೋರಿಸಿದರು. ಹಿಂಜ್‌ನ ಸ್ಕ್ರೂಗಳು ಹಿತ್ತಾಳೆಯ ಪುಟ್ಟ ನಟ್‌ಗಳಿಗೆ ಕೂರುತ್ತವೆ. ಆ ನಟ್‌ಗಳನ್ನು ಪ್ಲಾಸ್ಟಿಕ್ಕಿನ ಸಣ್ಣ ಕಂಬಗಳೊಳಗೆ ಹುದುಗಿಸಿರುತ್ತಾರೆ. ಸ್ಕ್ರೂ ಸಡಿಲವಾಗಿರಲಿಲ್ಲ. ನಟ್ ಸ್ಕ್ರೂವನ್ನು ಬಿಟ್ಟಿರಲಿಲ್ಲ. ಪ್ಲಾಸ್ಟಿಕ್ ಕಂಬವೇ ಸೀಳಿ, ನಟ್ ಸ್ಕ್ರೂ ಎರಡೂ ಒಟ್ಟಿಗೆ ಕಿತ್ತು ಬಂದಿದ್ದವು. ಹಿಂಜ್ ಬಿಗಿಯಾದರೆ ಪ್ರತಿ ಸಲ ತೆರೆಯುವಾಗ ಆ ಬಲವೆಲ್ಲ ಈ ಕಂಬಗಳ ಮೇಲೇ ಬೀಳುತ್ತದೆ. ಕೆಳಗೆ ಬಿದ್ದ ಲ್ಯಾಪ್‌ಟಾಪ್ ಆಗಿದ್ದರೆ ಹೊರಗಡೆ ಒಂದಾದರೂ ಮೂಲೆ ಜಜ್ಜಿರಬೇಕಲ್ವಾ? ನಾಲ್ಕೂ ಮೂಲೆ ನೆಟ್ಟಗಿವೆ. ಪರದೆಯಲ್ಲಿ ಬಿರುಕಿಲ್ಲ. ಇದನ್ನೆಲ್ಲ ಅವರೇ ಹೇಳಿದರು. ವರದಿಯಲ್ಲಿ ಮಾತ್ರ "ಫಿಸಿಕಲ್ ಡ್ಯಾಮೇಜ್" ಎಂದು ಬರೆದರು. ಸಿಸ್ಟಮ್‌ನಲ್ಲಿ ಬೇರೆ ಆಯ್ಕೆ ಇಲ್ಲವಂತೆ.

ಆಮೇಲೆ ಕೌಂಟರಿನಲ್ಲಿ ನಡೆದದ್ದನ್ನು ಒಂದೂ ಬಿಡದೆ ಬರೆಯುತ್ತೇನೆ. ನಿಮ್ಮಲ್ಲಿ ರೆಕಾರ್ಡ್ ಇದ್ದರೆ ತಾಳೆ ನೋಡಿ.

"ಮೇಡಂ, ಮುರಿದಿದೆ. ಹಾಗಾಗಿ ವಾರಂಟಿಗೆ ಬರಲ್ಲ" ಎಂದರು ಅಲ್ಲಿದ್ದ ಯುವಕ.

"ಸರಿ, ಹಾಗಾದ್ರೆ ಆಕ್ಸಿಡೆಂಟಲ್ ಡ್ಯಾಮೇಜ್‌ನಲ್ಲಿ ಮಾಡಿ."

"ಯಾವ ದಿನ ಬಿತ್ತು?"

"ಬಿದ್ದಿಲ್ಲ."

"ಏನಾದ್ರೂ ಚೆಲ್ಲಿತ್ತಾ?"

"ಇಲ್ಲ."

"ಘಟನೆಯ ದಿನಾಂಕ, ಸಮಯ ಹಾಕದೆ ಫಾರಂ ಮುಂದಕ್ಕೆ ಹೋಗಲ್ಲ ಮೇಡಂ."

"ಘಟನೆಯೇ ನಡೆದಿಲ್ಲ. ನಿಧಾನವಾಗಿ ಸೀಳಿದೆ."

"ನಿಧಾನವಾಗಿ ಆದ್ರೆ ಅದು ಸವೆತ. ಸವೆತ ಎರಡರಲ್ಲೂ ಇಲ್ಲ."

ನನ್ನ ಹಿಂದೆ ಸಾಲಿತ್ತು. ಅಷ್ಟು ಹೊತ್ತಿಗೆ ಸಾಲಿನವರಿಗೆಲ್ಲ ನನ್ನ ಹಿಂಜ್ ವಿಷಯ ಬಾಯಿಪಾಠವಾಗಿತ್ತು. ಯುವಕ ಒಳಗಿಂದ ಇನ್ನೊಂದು ಲ್ಯಾಪ್‌ಟಾಪ್ ತಂದು ಕೌಂಟರಿನ ಮೇಲೆ ಇಟ್ಟರು. "ನೀವು ಹೇಗೆ ತೆರೀತೀರಿ, ತೋರಿಸಿ" ಎಂದರು. ತೆರೆದು ತೋರಿಸಿದೆ. "ಮಧ್ಯದಲ್ಲಿ ಹಿಡಿದ್ರಿ. ಮನೇಲೂ ಹೀಗೇ ತೆರೀತೀರಾ?" ಹೌದು ಎಂದೆ. "ಯಾವತ್ತೂ ಮೂಲೆ ಹಿಡಿದು ತೆರೆದಿಲ್ಲ ಅಂತ ಬರೆದುಕೊಡ್ತೀರಾ?" ಹಿಂದಿನವರೊಬ್ಬರು ನಕ್ಕರು. ಇನ್ನೊಮ್ಮೆ ತೆರೆಯಿರಿ ಎಂದರು. ತೆರೆದೆ. ಮುಚ್ಚಿ ಎಂದರು. ಮುಚ್ಚಿದೆ. ಇಷ್ಟು ವರ್ಷ ಲ್ಯಾಪ್‌ಟಾಪಿನಲ್ಲೇ ದುಡಿದು ಅನ್ನ ತಿಂದಿದ್ದೇನೆ. ಅದನ್ನು ತೆರೆಯುವ ಪರೀಕ್ಷೆ ಮಾತ್ರ ಯಾರೂ ಕೊಟ್ಟಿರಲಿಲ್ಲ. ಕೊನೆಗೆ ದನಿ ತಗ್ಗಿಸಿ, "ಬಿತ್ತು ಅಂತ ಒಂದು ಡೇಟ್ ಹೇಳಿಬಿಡಿ ಮೇಡಂ, ನಾನು ಹಾಕ್ತೀನಿ" ಎಂದರು. ಸುಳ್ಳು ಹೇಳಲ್ಲ ಎಂದೆ. ಅದಕ್ಕೆ ಅವರು ಟೈಪ್ ಮಾಡಿದ್ದು: "ಗ್ರಾಹಕರಿಗೆ ಘಟನೆ ನೆನಪಿಲ್ಲ."

ನೆನಪಿಲ್ಲವಂತೆ! ನಡೆಯದೇ ಇದ್ದದ್ದನ್ನು ನೆನಪಿಟ್ಟುಕೊಳ್ಳುವ ಪ್ಲಾನ್ ಬೇರೆ ಇದ್ದರೆ ಅದನ್ನೂ ಮಾರಿಬಿಡಿ.

ನಿಮ್ಮ ಷರತ್ತುಗಳನ್ನು ನಿಮಗೇ ಓದಿ ಹೇಳಬೇಕಿಲ್ಲ. ವಾರಂಟಿ ಅಂದರೆ ತಯಾರಿಕೆಯ ದೋಷಕ್ಕೆ. ಬಿಗಿಯಾದ ಹಿಂಜ್ ತಯಾರಿಕೆಯದು, ಅದನ್ನು ತಾಳದ ಪ್ಲಾಸ್ಟಿಕ್ಕೂ ತಯಾರಿಕೆಯದು. ಮುರಿದದ್ದೆಲ್ಲ ಗ್ರಾಹಕರೇ ಮುರಿದದ್ದು ಎಂದು ನಿಮ್ಮ ಷರತ್ತಿನಲ್ಲಿ ಎಲ್ಲಿದೆ? ಏಕೆ ಮುರಿಯಿತು ಎಂದು ನೋಡದೆ, ಮುರಿದಿದೆ ಎಂಬ ಒಂದೇ ಕಾರಣಕ್ಕೆ ಕಡತ ಮುಚ್ಚಿದ್ದೀರಿ. ಸೀಳಿದ ಕಂಬಗಳ ಫೋಟೋ ನನ್ನ ಹತ್ತಿರ ಇದೆ. ನಿಮ್ಮ ಟೆಕ್ನೀಷಿಯನ್ ಟಾರ್ಚ್ ಹಿಡಿದಿದ್ದಾಗಲೇ ತೆಗೆದದ್ದು.

ಈಗ ತಳದ ಕವರ್, ಹಿಂಜ್, ಪರದೆಯ ಭಾಗ ಪೂರ್ತಿ ಬದಲಿಸಬೇಕು ಎಂದು ಎಸ್ಟಿಮೇಟ್ ಕೊಟ್ಟಿದ್ದೀರಿ. ಎರಡೂ ಪ್ಲಾನ್‌ಗೆ ಕೊಟ್ಟ ಹಣಕ್ಕಿಂತ ಅದು ಜಾಸ್ತಿ. ಕೇಬಲ್ ಒಂದನ್ನೇ ಬದಲಿಸಬಹುದಲ್ಲ ಎಂದು ಕೇಳಿದ್ದಕ್ಕೆ, ಬಿಡಿ ಭಾಗ ಸಿಗಲ್ಲ ಎಂಬ ಉತ್ತರ.

ನಿಮಗೆ ಇನ್ನೊಂದು ವಿಷಯ ತಿಳಿದಿರಲಿ. ನಮ್ಮ ಕಚೇರಿಗೆ ಲ್ಯಾಪ್‌ಟಾಪ್ ತರಿಸುವಾಗ ಯಾವ ಪ್ಲಾನ್ ಬೇಕು, ಯಾವುದು ಬೇಡ ಎಂದು ಗುರುತು ಹಾಕುವವಳು ನಾನೇ. ಇಲ್ಲಿಯವರೆಗೆ ಸುಮ್ನೆ ಎರಡಕ್ಕೂ ಗುರುತು ಹಾಕುತ್ತಿದ್ದೆ. ಇನ್ನು ಹಾಗಿಲ್ಲ. ದಿನಾ ಹೊತ್ತು ತಿರುಗುವವರಿಗೆ ಆಕ್ಸಿಡೆಂಟಲ್ ಕವರ್ ಬೇಕೇ ಬೇಕು. ಕೀಬೋರ್ಡಿನ ಮೇಲೆ ಒಂದು ಲೋಟ ನೀರು ಚೆಲ್ಲಿದರೆ ಅದು ಮದರ್‌ಬೋರ್ಡಿಗೆ ಇಳಿಯುತ್ತದೆ. ತೆಳು ಲ್ಯಾಪ್‌ಟಾಪ್‌ಗಳಲ್ಲಿ ಪ್ರೊಸೆಸರ್, ಬಹಳಷ್ಟರಲ್ಲಿ ರ‍್ಯಾಮ್ ಕೂಡ ಅದಕ್ಕೇ ಬೆಸುಗೆಯಾಗಿರುತ್ತವೆ. ಒಂದು ಹೋದರೆ ಬೋರ್ಡೇ ಬದಲಿಸಬೇಕು. ಅಂಥ ಒಂದು ಕ್ಲೈಮ್ ಸಿಕ್ಕರೆ ಕೊಟ್ಟ ಹಣ ವಸೂಲಾಗುತ್ತದೆ. ಆದರೆ ನಿಮ್ಮಲ್ಲಿ ವರ್ಷಕ್ಕೆ ಒಂದೇ ಕ್ಲೈಮ್, ಬಳಸದ್ದು ಮುಂದಿನ ವರ್ಷಕ್ಕೆ ಉಳಿಯಲ್ಲ. ಮೇಜಿನಿಂದ ಅಲುಗಾಡದ ಲ್ಯಾಪ್‌ಟಾಪಿಗೆ ಅದನ್ನು ಏಕೆ ಕೊಳ್ಳಬೇಕು? ಎಕ್ಸ್‌ಟೆಂಡೆಡ್ ವಾರಂಟಿಯಂತೂ ಇನ್ನೂ ತಮಾಷೆ. ಎಲ್ಲಕ್ಕಿಂತ ಮೊದಲು ಸೋಲುವ ಬ್ಯಾಟರಿಗೆ ನಿಮ್ಮಲ್ಲಿ 1 ವರ್ಷವಷ್ಟೇ, ಹಿಂಜ್ ಮುರಿದರೆ ಫಿಸಿಕಲ್ ಡ್ಯಾಮೇಜ್. ಉಳಿದದ್ದು ಬೋರ್ಡ್ ತಾನಾಗಿ ಸಾಯುವ ಸಾಧ್ಯತೆ. ಅದಕ್ಕಾಗಿ ಎಷ್ಟು ಕೊಡಬಹುದು ಎಂದು ಪ್ರತಿ ಲ್ಯಾಪ್‌ಟಾಪಿಗೂ ಲೆಕ್ಕ ಹಾಕುತ್ತೇನೆ.

15 ದಿನದೊಳಗೆ ವಾರಂಟಿಯಲ್ಲೇ ರಿಪೇರಿ ಮಾಡಿಕೊಡಿ. ಆಗದಿದ್ದರೆ, ಕಂಬ ಸೀಳಿದ್ದು ನನ್ನಿಂದ ಹೇಗೆ ಎಂದು ಸಹಿ ಹಾಕಿ ಬರೆದುಕೊಡಿ. "ಗ್ರಾಹಕರಿಗೆ ನೆನಪಿಲ್ಲ" ಎಂಬ ಸಾಲನ್ನು ಎರಡರಲ್ಲಿ ಏನೇ ಆದರೂ ತೆಗೆಯಬೇಕು. ಇದ್ಯಾವುದೂ ಆಗದಿದ್ದರೆ ಫೋಟೋ, ವರದಿ, ಈ ಪತ್ರ ಮೂರೂ ಗ್ರಾಹಕ ನ್ಯಾಯಾಲಯಕ್ಕೆ ಹೋಗುತ್ತವೆ. ಜೊತೆಗೆ ಅವುಗಳ ಪ್ರತಿಯನ್ನು ನಮ್ಮ ಕಚೇರಿಯ ಮುಂದಿನ ಖರೀದಿಯ ಕಡತಕ್ಕೂ ಸೇರಿಸುತ್ತೇನೆ. ಅದರಲ್ಲಿ ನಿಮ್ಮ ಕಂಪನಿಯ ಹೆಸರಿನ ಮುಂದೆ ಗುರುತು ಹಾಕುವ ಜಾಗ ಈಗ ಖಾಲಿ ಇದೆ. ನಿಮ್ಮ ಮಾರಾಟ ವಿಭಾಗದವರು ಆ ಬಗ್ಗೆ ಹೋದ ವಾರವಷ್ಟೇ ಬಹಳ ನಯವಾಗಿ ಫೋನ್ ಮಾಡಿದ್ದರು.

ಇಂತಿ,
ಎರಡೂ ಪ್ಲಾನ್ ಇರುವ ನಿಮ್ಮ ಗ್ರಾಹಕಿ