ಕುಕ್ಕರ್ ಕೂಗದಿದ್ದರೆ ಆವಿ ಎಲ್ಲಿಂದ ಬರುತ್ತಿದೆ ನೋಡಿ

ಡೊಂಬಿವಲಿ ಬಳಗದ ಎಲ್ಲರಿಗೂ ನಮಸ್ಕಾರ. ತೊಗರಿಬೇಳೆ ಇಟ್ಟು ಅರ್ಧ ಗಂಟೆಯಾದರೂ ಕುಕ್ಕರ್ ಕೂಗುತ್ತಿಲ್ಲ ಎಂದು ನಿನ್ನೆ ಅಕ್ಕ ಒಬ್ಬರು ಕೇಳಿದ್ದರು. ಹೋಗಿ ನೋಡಿದರೆ ಹಿಡಿಯ ಪಕ್ಕದಲ್ಲೇ ಆವಿ ಬುಸುಗುಡುತ್ತಿತ್ತು, ಮುಚ್ಚಳದ ಅಂಚಿನಿಂದ ನೀರು ಇಳಿಯುತ್ತಿತ್ತು. ಅಂದರೆ ತೊಂದರೆ ಗ್ಯಾಸ್ಕೆಟ್‌ನದು. ತೆಗೆದು ಬೆರಳಲ್ಲಿ ಮಡಿಸಿದಾಗ ಗಟ್ಟಿಯಾಗಿತ್ತು, ಒಂದು ಕಡೆ ಸಣ್ಣ ಬಿರುಕೂ ಇತ್ತು. ತಣ್ಣೀರಲ್ಲಿಟ್ಟರೆ ಒಂದೆರಡು ಸಲ ನಡೆದೀತು, ಆದರೆ ಬಿರುಕು ಬಿಟ್ಟದ್ದನ್ನು ಬದಲಿಸಲೇಬೇಕು. ಅದೇ ಕಂಪನಿಯ, ಅದೇ ಲೀಟರಿನದನ್ನೇ ತನ್ನಿ. ಹೊಸದು ಹಾಕಿದ ಮೇಲೆ ಎರಡು ಲೋಟ ನೀರು ಮಾತ್ರ ಇಟ್ಟು ಒಮ್ಮೆ ಕೂಗಿಸಿ ನೋಡಿ.

ಬಹಳ ಹೊತ್ತಾದರೂ ಆವಿ ಅಂಚಿನಿಂದಲೂ ಇಲ್ಲ, ವೆಯಿಟ್ ಕೆಳಗಿನಿಂದಲೂ ಇಲ್ಲ, ಉರಿ ಮಾತ್ರ ಜೋರಾಗಿದೆ ಎಂದಾದರೆ ಅದು ಅಪಾಯ. ಆವಿಯ ಕೊಳವೆ ಕಟ್ಟಿರಬಹುದು. ತಕ್ಷಣ ಗ್ಯಾಸ್ ಆರಿಸಿ, ವೆಯಿಟ್ ಮುಟ್ಟಬೇಡಿ, ತಾನಾಗಿ ತಣಿಯುವವರೆಗೆ ಮುಚ್ಚಳ ತೆಗೆಯಬೇಡಿ. ಆಮೇಲೆ ಮುಚ್ಚಳವನ್ನು ಬೆಳಕಿಗೆ ಹಿಡಿದು ಕೊಳವೆಯೊಳಗೆ ನೋಡಿ, ಆಚೆ ಬದಿಯ ಬೆಳಕು ದುಂಡಗೆ ಕಾಣಬೇಕು. ಕಾಣದಿದ್ದರೆ ಸೂಜಿ ಹಾಯಿಸಿ, ನಲ್ಲಿ ನೀರು ಬಿಡಿ. ವೆಯಿಟ್‌ನ ತೂತನ್ನೂ ತೊಳೆಯಿರಿ.

ಕಟ್ಟುವುದು ಹೆಚ್ಚಾಗಿ ಬೇಳೆಯ ನೊರೆಯಿಂದ. ಬೇಳೆ, ನೀರು ಎರಡೂ ಸೇರಿ ಕುಕ್ಕರಿನ ಅರ್ಧಕ್ಕಿಂತ ಹೆಚ್ಚು ತುಂಬಬೇಡಿ. ಬೇರೆಯಾಗಿ ಇಡುವ ವೆಯಿಟ್ ಇದ್ದರೆ, ಕೊಳವೆಯಿಂದ ಆವಿ ಒಂದೇ ಸಮನೆ ಬಂದ ಮೇಲೆಯೇ ಇಡಿ. ದಾರಿ ತೆರೆದಿದೆಯೆಂದು ಪ್ರತಿದಿನ ಅಲ್ಲೇ ಗೊತ್ತಾಗುತ್ತದೆ.