ಇಟ್ಟಿಗೆಗೆ ಕೈಮುಗಿದವರೆಲ್ಲ ಒಂದೇ ಕಾರಣಕ್ಕೆ ಮುಗಿದರೇ?

ಮಾನ್ಯ ಸಂಪಾದಕರಿಗೆ,

ಧಾರ್ಮಿಕ ರಾಷ್ಟ್ರೀಯತೆಯನ್ನು ಕುರಿತು ನಿಮ್ಮ ಭಾನುವಾರದ ಪುರವಣಿಯಲ್ಲಿ ಪ್ರಕಟವಾದ ವಿಮರ್ಶಾತ್ಮಕ ಲೇಖನವನ್ನು ಗಮನವಿಟ್ಟು ಓದಿದೆ. ಧರ್ಮವನ್ನು ಪೌರತ್ವದ ಅಳತೆಗೋಲಾಗಿಸುವ ರಾಜಕಾರಣದ ಬಗ್ಗೆ ಲೇಖಕರು ಎತ್ತಿರುವ ಆಕ್ಷೇಪಕ್ಕೆ ನನ್ನ ಸಹಮತವಿದೆ. ಆದರೆ 1989ರ ರಾಮಶಿಲಾ ಪೂಜೆಯ ವಿಷಯಕ್ಕೆ ಬಂದಾಗ ಅವರು ಇಟ್ಟಿಗೆಗೆ ಕೈಮುಗಿದ ಹಳ್ಳಿಯ ಜನರನ್ನು, ಆ ಇಟ್ಟಿಗೆಗೆ ನಡೆದ ಪೂಜೆಯನ್ನು ಮತ್ತು ಆ ಕಾರ್ಯಕ್ರಮದ ಹಿಂದಿದ್ದ ಸಿದ್ಧಾಂತವನ್ನು ಒಟ್ಟುಗೂಡಿಸಿ ‘ಧಾರ್ಮಿಕ ಉನ್ಮಾದ’ ಎಂಬ ಒಂದೇ ಹೆಸರಿನಲ್ಲಿ ಮುಗಿಸಿಬಿಟ್ಟಿದ್ದಾರೆ. ಈ ಮೂರನ್ನೂ ಬೇರೆ ಬೇರೆಯಾಗಿ ನೋಡದಿದ್ದರೆ ಆ ವರ್ಷ ನಿಜಕ್ಕೂ ಏನಾಯಿತು ಎಂಬುದೇ ತಿಳಿಯುವುದಿಲ್ಲ. ಅದಕ್ಕಾಗಿ ಈ ಪತ್ರ.

ಮೊದಲು ನಡೆದದ್ದನ್ನು ನೆನಪಿಸಿಕೊಳ್ಳೋಣ. ವಿಶ್ವ ಹಿಂದೂ ಪರಿಷತ್ತು 1989ರಲ್ಲಿ ದೇಶದ ಊರೂರುಗಳಲ್ಲಿ ‘ಶ್ರೀರಾಮ’ ಎಂಬ ಹೆಸರು ಮೂಡಿಸಿದ ಇಟ್ಟಿಗೆಗಳಿಗೆ ಪೂಜೆ ಮಾಡಿಸಿ, ತಲಾ ಒಂದೂಕಾಲು ರೂಪಾಯಿ ಕಾಣಿಕೆ ಸಂಗ್ರಹಿಸಿ, ಇಟ್ಟಿಗೆಗಳನ್ನು ಮೆರವಣಿಗೆಯಲ್ಲಿ ಅಯೋಧ್ಯೆಗೆ ಸಾಗಿಸುವ ಕಾರ್ಯಕ್ರಮ ಹಾಕಿಕೊಂಡಿತು. ಅದೇ ವರ್ಷದ ಜೂನ್‌ನಲ್ಲಿ ಪಾಲಂಪುರದಲ್ಲಿ ಸೇರಿದ್ದ ಭಾರತೀಯ ಜನತಾ ಪಕ್ಷವು ಮಂದಿರದ ಬೇಡಿಕೆಯನ್ನು ತನ್ನ ನಿರ್ಣಯವಾಗಿ ಅಂಗೀಕರಿಸಿತ್ತು. ನವೆಂಬರ್ 9ರಂದು ಶಿಲಾನ್ಯಾಸ ನಡೆದಾಗ ಮೊದಲ ಇಟ್ಟಿಗೆ ಇಟ್ಟವರು ಬಿಹಾರದ ದಲಿತ ಕಾರ್ಯಕರ್ತ ಕಾಮೇಶ್ವರ ಚೌಪಾಲ್. ಲೋಕಸಭಾ ಚುನಾವಣೆ ನಡೆದದ್ದು ಅದೇ ತಿಂಗಳಿನಲ್ಲಿ.

ಈಗ ಹಳ್ಳಿಯ ಚಾವಡಿಯಲ್ಲಿ ಮಣೆಯ ಮೇಲಿಟ್ಟ ಆ ಒಂದು ಇಟ್ಟಿಗೆಯನ್ನೇ ನೋಡೋಣ. ಅರಿಸಿನ ಕುಂಕುಮ ಹಚ್ಚಿ ಹೂವೇರಿಸಿ ಕೈಮುಗಿಯುವ ಹೆಂಗಸಿಗೆ ರಾಮನೆಂದರೆ ಸಂಕಟಕ್ಕೆ ಕರೆದಾಗ ಓಗೊಡುವವನು. ಅವಳು ಕೊಟ್ಟ ಒಂದೂಕಾಲು ರೂಪಾಯಿ ಅವನಿಗೆ ಸಲ್ಲಿಸಿದ ಕಾಣಿಕೆ. ಇದು ಭಕ್ತಿ. ಇದರಲ್ಲಿ ಎರಡೇ ಪಾತ್ರಗಳಿವೆ, ಕರೆಯುವ ಜೀವ ಮತ್ತು ಓಗೊಡುವ ದೇವರು. ಮೂರನೆಯವನೊಬ್ಬ ಸೋಲಬೇಕಾದ ಅಗತ್ಯ ಈ ಸಂಬಂಧದಲ್ಲಿ ಎಲ್ಲಿಯೂ ಇಲ್ಲ. ಅವಳ ಪಕ್ಕದಲ್ಲಿ ಕೈಮುಗಿದು ನಿಂತವನ ಮನಸ್ಸಿನಲ್ಲಿ ಬೇರೇನೋ ಇದ್ದಿರಬಹುದು, ಒಬ್ಬನ ಮನಸ್ಸಿನಲ್ಲೇ ಎರಡೂ ಇದ್ದಿರಬಹುದು. ಹೊರಗಿನಿಂದ ನೋಡಿದರೆ ಮುಗಿದ ಕೈಗಳೆಲ್ಲ ಒಂದೇ ತೆರನಾಗಿ ಕಾಣುತ್ತವೆ ಎಂಬುದೇ ಇಲ್ಲಿನ ತೊಡಕು.

ಪೂಜೆಗೆ ಅದರದೇ ಆದ ವ್ಯಾಕರಣವಿದೆ. ಸಂಕಲ್ಪ, ಕಲಶ, ಉಪಚಾರ, ಮಂಗಳಾರತಿ, ವಿಸರ್ಜನೆ ಎಂಬ ಕ್ರಮವಿದೆ, ಹೊತ್ತು ನೋಡಬೇಕು, ದಿಕ್ಕು ನೋಡಬೇಕು. ತಪ್ಪಿದರೆ ಅದಕ್ಕೂ ಪರಿಹಾರ ಹೇಳಿದೆ. ಪೂಜೆಯ ಕೊನೆಗೆ ನಮ್ಮ ಮನೆಗಳಲ್ಲಿ ಹೇಳುವ ಕ್ಷಮಾಪಣೆಯ ಶ್ಲೋಕ ಅನೇಕರಿಗೆ ಬಾಯಿಪಾಠ: ‘ಮಂತ್ರಹೀನಂ ಕ್ರಿಯಾಹೀನಂ ಭಕ್ತಿಹೀನಂ ಜನಾರ್ದನ, ಯತ್ಪೂಜಿತಂ ಮಯಾ ದೇವ ಪರಿಪೂರ್ಣಂ ತದಸ್ತು ಮೇ.’ ಮಂತ್ರದಲ್ಲಿ, ಕ್ರಿಯೆಯಲ್ಲಿ, ಭಕ್ತಿಯಲ್ಲಿ ಕೊರತೆಯಾಗಿದ್ದರೂ ನಾನು ಮಾಡಿದ ಪೂಜೆ ಪೂರ್ಣವಾಗಲಿ ಎಂದು ಬೇಡಿಕೊಳ್ಳುವ ಈ ಮಾತಿನಲ್ಲಿ ಕ್ರಿಯೆ ಮತ್ತು ಭಕ್ತಿಯ ಎಣಿಕೆ ಬೇರೆ ಬೇರೆ. ಕ್ರಿಯೆ ಸರಿಯಾಗಿದ್ದೂ ಭಕ್ತಿ ಇಲ್ಲದಿರಬಹುದು, ಭಕ್ತಿ ಇದ್ದೂ ಕ್ರಿಯೆ ತಪ್ಪಿರಬಹುದು ಎಂಬುದನ್ನು ಆಚರಣೆಯೇ ಒಪ್ಪಿಕೊಂಡಿದೆ. ವಚನಕಾರರೂ ದಾಸರೂ ಬರಿಯ ಆಚರಣೆಯನ್ನು ಅಷ್ಟು ಕಟುವಾಗಿ ಪ್ರಶ್ನಿಸಲು ಸಾಧ್ಯವಾದದ್ದು ಈ ಅಂತರದಲ್ಲಿ ನಿಂತುಕೊಂಡೇ.

ಇಲ್ಲಿ ಒಂದು ಆಕ್ಷೇಪ ಬರಬಹುದು. ‘ಭರತವರ್ಷೇ ಭರತಖಂಡೇ ದಂಡಕಾರಣ್ಯೇ ಗೋದಾವರ್ಯಾಃ ದಕ್ಷಿಣೇ ತೀರೇ’ ಎಂದು ಸಂಕಲ್ಪದಲ್ಲಿ ನೆಲದ ಹೆಸರು ಹೇಳುತ್ತೇವಲ್ಲ, ಹಾಗಾದರೆ ರಾಷ್ಟ್ರೀಯತೆ ಪೂಜೆಯೊಳಗೇ ಇದೆಯಲ್ಲವೇ ಎಂದು ಕೇಳುವವರಿದ್ದಾರೆ. ಆ ಸಾಲುಗಳು ಮಾಡುವ ಕೆಲಸ ಇಷ್ಟೇ: ಇಂಥ ಕಾಲದಲ್ಲಿ, ಇಂಥ ಸ್ಥಳದಲ್ಲಿ ಕುಳಿತ ನಾನು ಈ ಕರ್ಮ ಮಾಡುತ್ತಿದ್ದೇನೆ ಎಂದು ಕರ್ತೃವಿನ ನೆಲೆಯನ್ನು ತಿಳಿಸುವುದು. ಈ ನೆಲ ಯಾರದು, ಯಾರದಲ್ಲ ಎಂಬ ಮಾತು ಅಲ್ಲಿಲ್ಲ.

ಆ ಮಾತು ಬರುವುದು ಸಿದ್ಧಾಂತದಲ್ಲಿ. ವಿ.ಡಿ. ಸಾವರ್ಕರ್ ಅವರು 1923ರಲ್ಲಿ ಹಿಂದುತ್ವವನ್ನು ವ್ಯಾಖ್ಯಾನಿಸುವಾಗ ಈ ಭೇದವನ್ನು ನಮ್ಮ ಅನೇಕ ವಿಮರ್ಶಕರಿಗಿಂತ ಸ್ಪಷ್ಟವಾಗಿ ಮಾಡಿದ್ದರು. ಹಿಂದುತ್ವವೂ ಹಿಂದೂ ಧರ್ಮವೂ ಒಂದೇ ಅಲ್ಲವೆಂದು ಅವರೇ ಬರೆದರು. ಸಿಂಧುವಿನಿಂದ ಸಮುದ್ರದವರೆಗಿನ ನೆಲವನ್ನು ಪಿತೃಭೂಮಿಯೆಂದೂ ಪುಣ್ಯಭೂಮಿಯೆಂದೂ ಭಾವಿಸುವವನು ಅವರ ಪ್ರಕಾರ ಹಿಂದೂ. ಈ ವ್ಯಾಖ್ಯಾನದಲ್ಲಿ ರಾಮನನ್ನು ಪೂಜಿಸಬೇಕೆಂಬ ನಿಯಮವಿಲ್ಲ, ನಾಸ್ತಿಕನಿಗೂ ಅದರಲ್ಲಿ ಜಾಗವಿದೆ. ಇದೇ ಮಣ್ಣಿನಲ್ಲಿ ಹುಟ್ಟಿ ಇದನ್ನೇ ಪ್ರೀತಿಸುವ ಮುಸ್ಲಿಮನಿಗೂ ಕ್ರೈಸ್ತನಿಗೂ ಮಾತ್ರ, ಪುಣ್ಯಕ್ಷೇತ್ರ ಬೇರೆಡೆ ಇದೆಯೆಂಬ ಕಾರಣಕ್ಕೆ, ಪೂರ್ಣ ಜಾಗವಿಲ್ಲ. ಸಾವರ್ಕರ್ ಸ್ವತಃ ಗೋವನ್ನು ಉಪಯುಕ್ತ ಪ್ರಾಣಿಯೆಂದು ಕಂಡರೇ ಹೊರತು ಪೂಜಿಸಲಿಲ್ಲ, ತಮ್ಮ ಅಂತ್ಯಸಂಸ್ಕಾರಕ್ಕೂ ಸಾಂಪ್ರದಾಯಿಕ ವಿಧಿಗಳು ಬೇಡವೆಂದರು. ಇತ್ತ ಗಾಂಧೀಜಿ ರಾಮನಾಮವನ್ನು ಉಸಿರಾಗಿಸಿಕೊಂಡಿದ್ದೂ ಆ ಸಿದ್ಧಾಂತವನ್ನು ಒಪ್ಪಲಿಲ್ಲ.

ಇದು ಹಿಂದೂಗಳಿಗೆ ಮಾತ್ರ ಅನ್ವಯಿಸುವ ಮಾತೂ ಅಲ್ಲ. ಮುಸ್ಲಿಮರಿಗೆ ಪ್ರತ್ಯೇಕ ರಾಷ್ಟ್ರ ಬೇಕೆಂದ ಜಿನ್ನಾ ಅವರು ಮತಾಚರಣೆಗೆ ಹೆಸರಾದವರಲ್ಲ. ರಾಷ್ಟ್ರವಾಗುವುದು ತಾಯ್ನೆಲದಿಂದಲೇ ಹೊರತು ಮತದಿಂದಲ್ಲ ಎಂದು ವಾದಿಸಿ ಆ ಬೇಡಿಕೆಯನ್ನು ಎದುರಿಸಿದ ಹುಸೇನ್ ಅಹಮದ್ ಮದನಿ ದೇವಬಂದ್‌ನ ಧರ್ಮಪಂಡಿತರು. ಭಕ್ತಿ ಹೆಚ್ಚಿದಷ್ಟೂ ಧಾರ್ಮಿಕ ರಾಷ್ಟ್ರೀಯತೆ ಹೆಚ್ಚುತ್ತದೆ ಎಂಬ ಲೇಖಕರ ಗ್ರಹಿಕೆ ಇಂಥ ಉದಾಹರಣೆಗಳ ಮುಂದೆ ನಿಲ್ಲುವುದಿಲ್ಲ.

ಮತ್ತೆ ಇಟ್ಟಿಗೆಗೆ ಬರೋಣ. ಮನೆ ಕಟ್ಟುವಾಗಲೂ ಗುಡಿ ಕಟ್ಟುವಾಗಲೂ ನಾವು ಇಟ್ಟಿಗೆಗೆ ಪೂಜೆ ಮಾಡುತ್ತೇವೆ, ಆದರೆ ಅದನ್ನು ಹೂಳುವ ಜಾಗದಲ್ಲೇ ಮಾಡುತ್ತೇವೆ. ರಾಮಶಿಲೆಗೆ ಒಂದು ಊರಿನಲ್ಲಿ ಪೂಜೆ ನಡೆದು, ಅದು ನೂರಾರು ಮೈಲಿ ದೂರದ, ನ್ಯಾಯಾಲಯದಲ್ಲಿದ್ದ ಜಾಗಕ್ಕೆ ಹೊರಟಿತು. ಹಳೆಯ ಕ್ರಿಯೆಯೊಂದಕ್ಕೆ ಇಲ್ಲಿ ಹೊಸ ಪಯಣವನ್ನು ಜೋಡಿಸಲಾಯಿತು. ಆ ಜೋಡಣೆಯಿಂದ ಹಳ್ಳಿಯ ಹೆಂಗಸಿನ ಕಾಣಿಕೆ ಅವಳಿಗೆ ಗೊತ್ತಿಲ್ಲದೆಯೇ ಒಂದು ಬೇಡಿಕೆಗೆ ಬಿದ್ದ ಮತವಾಯಿತು. ಸಿದ್ಧಾಂತವು ಕೈಯಿಟ್ಟದ್ದು ಪೂಜೆಯ ಮಂತ್ರದಲ್ಲಲ್ಲ, ಈ ಜೋಡಣೆಯಲ್ಲಿ.

ಮೆರವಣಿಗೆಯಲ್ಲಿ ಇದು ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ನಮ್ಮ ದೇವಸ್ಥಾನಗಳ ಉತ್ಸವಕ್ಕೆ ರಥಬೀದಿಯೆಂಬುದಿದೆ, ತೇರು ಎಲ್ಲಿ ಹೊರಟು ಎಲ್ಲಿ ತಿರುಗಿ ಎಲ್ಲಿ ನಿಲ್ಲಬೇಕೆಂಬುದನ್ನು ರೂಢಿ ಗೊತ್ತುಮಾಡಿದೆ. ಶಿಲಾ ಮೆರವಣಿಗೆಗೆ ಅಂಥ ರೂಢಿಯ ಬೀದಿ ಇರಲಿಲ್ಲ, ದಾರಿಯನ್ನು ಆರಿಸಿದವರು ಸಂಘಟಕರು. 1989ರ ಅಕ್ಟೋಬರ್ 24ರಂದು ಬಿಹಾರದ ಭಾಗಲ್ಪುರದಲ್ಲಿ ಅಂಥ ಒಂದು ಮೆರವಣಿಗೆ ಮುಸ್ಲಿಮರು ಹೆಚ್ಚಾಗಿದ್ದ ತಾತಾರ್‌ಪುರದ ಕಡೆಗೆ ಸಾಗಿತು. ಪ್ರಚೋದಕ ಘೋಷಣೆಗಳು ಕೇಳಿಬಂದವು, ಬಾಂಬ್ ಎಸೆತವಾಯಿತು, ಅಲ್ಲಿಂದ ಹೊತ್ತಿಕೊಂಡ ಹಿಂಸೆ ಸುತ್ತಲ ಹಳ್ಳಿಗಳಿಗೆ ಹಬ್ಬಿತು. ಸುಮಾರು 1,000 ಜನ ಸತ್ತರು, ಬಹುಪಾಲು ಮುಸ್ಲಿಮರು. ಲೋಗಾಯಿ ಎಂಬ ಹಳ್ಳಿಯಲ್ಲಿ ನೂರಕ್ಕೂ ಹೆಚ್ಚು ಜನರನ್ನು ಕೊಂದು ಹೂತು, ಕೃತ್ಯ ಮರೆಮಾಚಲು ಮೇಲೆ ಹೂಕೋಸಿನ ಸಸಿ ನೆಟ್ಟಿದ್ದರು. ಇದನ್ನು ಬರೆಯುವಾಗ ಕೈ ನಡುಗುತ್ತದೆ. ಈ ಸಾವುಗಳಿಗೆ ಹೊಣೆ ಯಾರೆಂದು ಕೇಳುವವರು ದಾರಿ ಯಾರು ಆರಿಸಿದರು, ಅನುಮತಿ ಯಾರು ಕೊಟ್ಟರು, ಘೋಷಣೆ ಯಾರು ಬರೆದುಕೊಟ್ಟರು, ಪೊಲೀಸರು ಏನು ಮಾಡಿದರು ಎಂದು ಕೇಳಬೇಕು. ‘ಧಾರ್ಮಿಕ ಉನ್ಮಾದ’ ಎಂದರೆ ಈ ಪ್ರಶ್ನೆಗಳೆಲ್ಲ ಮುಚ್ಚಿಹೋಗುತ್ತವೆ, ಯೋಜಿಸಿದವರು ಗುಂಪಿನಲ್ಲಿ ಮರೆಯಾಗುತ್ತಾರೆ.

ಒಂದು ಘಟನೆ ಭಕ್ತಿ, ಕ್ರಿಯೆ, ಸಿದ್ಧಾಂತ ಈ ಮೂರರಲ್ಲಿ ಯಾವುದಕ್ಕೆ ಸೇರಿದ್ದೆಂದು ತಿಳಿಯಲು ನಾನು ನೋಡುವುದು ತಪ್ಪಿಗೆ ಸಿಗುವ ಪ್ರತಿಕ್ರಿಯೆಯನ್ನು. ಭಕ್ತ ತಪ್ಪಿದರೆ ತನ್ನೊಳಗೇ ನೊಂದುಕೊಳ್ಳುತ್ತಾನೆ. ಕ್ರಿಯೆ ತಪ್ಪಿದರೆ ಪ್ರಾಯಶ್ಚಿತ್ತವಿದೆ. ಸಿದ್ಧಾಂತದಲ್ಲಿ ತಪ್ಪಿದವನನ್ನು ದ್ರೋಹಿಯೆನ್ನುತ್ತಾರೆ. ಅಯೋಧ್ಯೆಯ ಮಂದಿರದಲ್ಲಿ 2024ರ ಜನವರಿ 22ರಂದು ನಡೆದ ಪ್ರಾಣಪ್ರತಿಷ್ಠೆಗೆ ಮುಂಚೆ ಇದು ಕಣ್ಣೆದುರೇ ನಡೆಯಿತು. ಗುಡಿಯ ಕಟ್ಟಡ ಪೂರ್ಣವಾಗದೆ ಪ್ರತಿಷ್ಠೆ ಮಾಡುವುದು ಶಾಸ್ತ್ರಸಮ್ಮತವಲ್ಲ ಎಂದು ಜ್ಯೋತಿರ್ಮಠದ ಅವಿಮುಕ್ತೇಶ್ವರಾನಂದ ಸರಸ್ವತಿ ಆಕ್ಷೇಪಿಸಿದರು, ಪುರಿಯ ನಿಶ್ಚಲಾನಂದ ಸರಸ್ವತಿಯವರೂ ಸಮಾರಂಭದಿಂದ ದೂರ ಉಳಿದರು. ಗರ್ಭಗೃಹ ಮುಗಿದಿರುವುದರಿಂದ ಅಡ್ಡಿಯಿಲ್ಲ ಎಂದು ಬೇರೆ ಪಂಡಿತರು ಉತ್ತರಿಸಿದರು. ಇಷ್ಟರವರೆಗೆ ಅದು ಕ್ರಿಯೆಯ ಬಗ್ಗೆ ನಡೆದ ಚರ್ಚೆ, ಎರಡೂ ಕಡೆಯವರು ಶಾಸ್ತ್ರವನ್ನೇ ಹಿಡಿದು ಮಾತಾಡಿದರು. ಆದರೆ ಕೇಂದ್ರ ಸಚಿವರೊಬ್ಬರು ಈ ಪೀಠಗಳ ಶಂಕರಾಚಾರ್ಯರು ಹಿಂದೂ ಧರ್ಮಕ್ಕೆ ಕೊಟ್ಟ ಕೊಡುಗೆಯಾದರೂ ಏನು ಎಂಬ ಅರ್ಥದಲ್ಲಿ ಕೇಳಿದಾಗ ಚರ್ಚೆಯ ನೆಲೆಯೇ ಬದಲಾಯಿತು. ವಿಧಿಯ ಕುರಿತ ಪ್ರಶ್ನೆಗೆ ನಿಷ್ಠೆಯ ಪ್ರಶ್ನೆ ಉತ್ತರವಾಗಿ ಬಂದಿತು. ಅಂದು ಪ್ರತಿಷ್ಠಾಪನೆಯಾದ ಬಾಲರಾಮನ ವಿಗ್ರಹವನ್ನು ಕೆತ್ತಿದವರು ಮೈಸೂರಿನ ಅರುಣ್ ಯೋಗಿರಾಜ್, ನಂತರದ 48 ದಿನಗಳ ಮಂಡಲೋತ್ಸವವನ್ನು ನಡೆಸಿಕೊಟ್ಟವರು ಉಡುಪಿಯ ಪೇಜಾವರ ಮಠದ ವಿಶ್ವಪ್ರಸನ್ನತೀರ್ಥರು. ಶಿಲ್ಪಿಯ ಕೌಶಲವನ್ನೂ ಯತಿಗಳ ಪೂಜೆಯನ್ನೂ ಆ ಸಚಿವರ ಮಾತನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಾದ ವಿಮರ್ಶೆಯಾಗಲಾರದು.

ಇಷ್ಟು ಹೇಳಿದ್ದರಿಂದ ಭಕ್ತಿ ಮತ್ತು ಆಚರಣೆಗಳು ನಿರ್ದೋಷಿಗಳೆಂದು ನಾನು ತೀರ್ಪು ಕೊಡುತ್ತಿಲ್ಲ. ಪಂಕ್ತಿಭೇದಕ್ಕೂ ಗುಡಿಯ ಬಾಗಿಲು ಮುಚ್ಚಿದ್ದಕ್ಕೂ ಯಾವ ರಾಷ್ಟ್ರೀಯತೆಯೂ ಕಾರಣವಲ್ಲ, ಅವು ಆಚರಣೆಯೊಳಗಿನ ಅನ್ಯಾಯಗಳು, ಅವನ್ನು ಅಲ್ಲೇ ಎದುರಿಸಬೇಕು. ಭಕ್ತಿಯೂ ಕಾಲಕ್ರಮದಲ್ಲಿ ಸಿದ್ಧಾಂತದ ಬಣ್ಣ ಬಳಿದುಕೊಳ್ಳಬಹುದು. ವರ್ಷಗಟ್ಟಲೆ ಬಿಲ್ಲೆತ್ತಿ ನಿಂತ ಒಬ್ಬನೇ ರಾಮನ ಚಿತ್ರವನ್ನು ನೋಡುತ್ತಾ ಬೆಳೆದವರಿಗೆ ಸೀತೆ, ಲಕ್ಷ್ಮಣ, ಹನುಮಂತರೊಡನೆ ಕುಳಿತ ಪಟ್ಟಾಭಿರಾಮ ಅಪರಿಚಿತನಾಗುತ್ತಾ ಹೋಗುತ್ತಾನೆ. ಹಾಗೆ ಆಗುತ್ತಿದೆಯೇ ಎಂದು ಕೇಳಬೇಕಾದರೂ ಮೊದಲು ಭಕ್ತಿ ಬೇರೆ, ಸಿದ್ಧಾಂತ ಬೇರೆ ಎಂದು ಒಪ್ಪಿರಬೇಕು.

ರಾಮನಿಗೆ ಕೈಮುಗಿಯುವುದೂ ತಮ್ಮ ರಾಜಕಾರಣವನ್ನು ಬೆಂಬಲಿಸುವುದೂ ಒಂದೇ ಎಂಬುದು ಧಾರ್ಮಿಕ ರಾಷ್ಟ್ರವಾದಿಗಳ ವಾದ. ಅದನ್ನು ವಿರೋಧಿಸಲು ಹೊರಟ ಲೇಖನವೇ ಆ ಸಮೀಕರಣವನ್ನು ಒಪ್ಪಿಕೊಂಡಂತೆ ಬರೆದಿರುವುದು ನನಗೆ ನೋವು ತಂದಿದೆ. ಲೇಖಕರು ಮುಂದಿನ ಕಂತು ಬರೆಯುವುದಾಗಿ ಹೇಳಿದ್ದಾರೆ. ಅದರಲ್ಲಿ ಭಾಗಲ್ಪುರದ ಮೆರವಣಿಗೆಯ ದಾರಿಯ ಬಗ್ಗೆ ಅವರು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಇತಿ,
ನಿವೃತ್ತ ಇತಿಹಾಸ ಅಧ್ಯಾಪಕಿ,
ಶಿವಮೊಗ್ಗ